ಬಾಜಿನಿಧಿ ನಿರ್ವಹಣೆ

ಬಾಜಿನಿಧಿ ನಿರ್ವಹಣೆ ಎಂದರೆ ಕ್ರೀಡಾಸ್ಪರ್ಧೆಗಳ ಮೇಲೆ ಹಣ ಕಟ್ಟುವ ವ್ಯಕ್ತಿಯು ಒಟ್ಟು ಎಷ್ಟು ಹಣವನ್ನು ಅದಕ್ಕಾಗಿ ತೆಗೆದಿರಿಸಬೇಕು, ಒಂದು ಬಾಜಿಗೆ ಎಷ್ಟು ಕಟ್ಟಬೇಕು ಮತ್ತು ಎಷ್ಟು ಕಳೆದುಕೊಂಡಾಗ ನಿಲ್ಲಿಸಬೇಕು ಎಂಬುದನ್ನು ಆಟಕ್ಕೆ ಮೊದಲೇ ಗೊತ್ತುಪಡಿಸಿಕೊಳ್ಳುವ ಕ್ರಮ. ಹೀಗೆ ತೆಗೆದಿರಿಸಿದ ಮೊತ್ತಕ್ಕೆ ಬ್ಯಾಂಕ್‌ರೋಲ್ ಅಥವಾ ಬಾಜಿನಿಧಿ ಎಂದೂ, ಒಂದು ಬಾಜಿಗೆ ಕಟ್ಟುವ ನಿಗದಿತ ಮೊತ್ತಕ್ಕೆ ಯೂನಿಟ್ ಎಂದೂ, ನಿಲುಗಡೆಯ ಗೆರೆಗೆ ನಷ್ಟದ ಮಿತಿ ಎಂದೂ ಹೆಸರು. ವೃತ್ತಿಪರ ಬಾಜಿದಾರರ ನಡುವೆ ಬೆಳೆದ ಈ ಕ್ರಮವು ಸಣ್ಣ ಮಾಸಿಕ ಮೊತ್ತದಲ್ಲಿ ಹವ್ಯಾಸಕ್ಕಾಗಿ ಆಡುವವರಿಗೆ ಇದ್ದಂತೆಯೇ ಹೊಂದುವುದಿಲ್ಲ. ಬಾಜಿ ಕಾನೂನುಬದ್ಧವಾಗಿರುವ ಬ್ರಿಟನ್ನಿನಲ್ಲಿ ತಿಂಗಳಿಗೆ 40 ಪೌಂಡ್ ಮೀಸಲಿಟ್ಟು ಫುಟ್‌ಬಾಲ್ ಪಂದ್ಯಗಳ ಮೇಲೆ ಹಣ ಕಟ್ಟುವವರ ಲೆಕ್ಕವನ್ನು ಈ ಲೇಖನದಲ್ಲಿ ಉದಾಹರಣೆಯಾಗಿ ಬಳಸಲಾಗಿದೆ.

## ವೃತ್ತಿಪರರ ನಿಯಮ ಮತ್ತು ಹವ್ಯಾಸಿಗಳ ನಿಯಮ

ಒಂದು ಬಾಜಿಗೆ ನಿಧಿಯ ಶೇಕಡಾ ಒಂದು ಅಥವಾ ಎರಡಕ್ಕಿಂತ ಹೆಚ್ಚು ಕಟ್ಟಬಾರದು ಎಂಬ ಸಲಹೆ ಈ ಕ್ಷೇತ್ರದಲ್ಲಿ ಬಹಳ ಪ್ರಚಲಿತವಾಗಿದೆ. ಈ ಸಲಹೆಯ ಹಿಂದೆ ಎರಡು ಊಹೆಗಳಿವೆ. ಬಾಜಿದಾರನಿಗೆ ಬುಕ್‌ಮೇಕರ್‌ಗಿಂತ ಹೆಚ್ಚಿನ ತಿಳಿವಳಿಕೆ ಇದ್ದು ಕಾಲಕ್ರಮದಲ್ಲಿ ಹಣ ಬೆಳೆಯುತ್ತದೆ ಎಂಬುದು ಮೊದಲನೆಯದು. ನಿಧಿಯು ಒಮ್ಮೆ ಹೂಡಿದ ಶಾಶ್ವತ ಬಂಡವಾಳ, ಅದು ಮುಗಿದರೆ ಕಸುಬೇ ನಿಂತಂತೆ ಎಂಬುದು ಎರಡನೆಯದು. ಹವ್ಯಾಸಿಯ ವಿಷಯದಲ್ಲಿ ಇವೆರಡೂ ನಿಜವಲ್ಲ. ಅವನಿಗೆ ಅಂತಹ ಮೇಲುಗೈ ಇರುವುದು ಅಪರೂಪ. ಅವನ ಹಣವೂ ಬಂಡವಾಳವಲ್ಲ, ಸಿನಿಮಾ ಟಿಕೆಟಿನಂತೆ ಮನರಂಜನೆಗಾಗಿ ಪ್ರತಿ ತಿಂಗಳು ಹೊಸದಾಗಿ ತೆಗೆದಿಡುವ ಖರ್ಚು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಜಾನ್ ಕೆಲ್ಲಿ 1956ರಲ್ಲಿ ಪ್ರಕಟಿಸಿದ ಸೂತ್ರವು ಈ ವ್ಯತ್ಯಾಸವನ್ನು ಸ್ಪಷ್ಟಪಡಿಸುತ್ತದೆ. ನಿಧಿಯ ಎಷ್ಟು ಭಾಗವನ್ನು ಕಟ್ಟಿದರೆ ದೀರ್ಘಕಾಲದಲ್ಲಿ ಅದು ಅತಿ ವೇಗವಾಗಿ ಬೆಳೆಯುತ್ತದೆ ಎಂಬುದನ್ನು ಆ ಸೂತ್ರ ಹೇಳುತ್ತದೆ:

```
f = (b × p − q) / b
```

ಇಲ್ಲಿ f ಎಂಬುದು ನಿಧಿಯಲ್ಲಿ ಕಟ್ಟಬೇಕಾದ ಭಾಗ, b ಎಂಬುದು ಒಂದು ಪೌಂಡಿಗೆ ಸಿಗುವ ನಿವ್ವಳ ಲಾಭ, p ಗೆಲ್ಲುವ ಸಂಭವ ಮತ್ತು q ಸೋಲುವ ಸಂಭವ. ಗೆಲ್ಲುವ ಸಂಭವ ಅರ್ಧದಷ್ಟಿದ್ದು ಒಂದು ಪೌಂಡಿಗೆ 0.91 ಪೌಂಡ್ ಲಾಭ ಸಿಗುವ ಬಾಜಿಯಲ್ಲಿ ಈ ಸೂತ್ರದ ಉತ್ತರ ಸೊನ್ನೆಗಿಂತ ಕೆಳಗೆ ಬರುತ್ತದೆ. ಮೇಲುಗೈ ಇಲ್ಲದವನು ಏನನ್ನೂ ಕಟ್ಟಬಾರದು ಎಂಬುದೇ ಇದರ ಅರ್ಥ. ಆದುದರಿಂದ ಹವ್ಯಾಸಿಯ ಯೂನಿಟ್ಟು ಹಣವನ್ನು ಬೆಳೆಸುವ ಸಾಧನವಾಗಲಾರದು. ಗೊತ್ತುಮಾಡಿದ ಖರ್ಚನ್ನು ಗೊತ್ತುಮಾಡಿದ ದಿನಗಳಿಗೆ ಹಂಚುವುದಷ್ಟೇ ಅದರ ಕೆಲಸ.

## ಬಾಜಿಯ ನಿಜವಾದ ಬೆಲೆ

ಪಂದ್ಯವೊಂದರಲ್ಲಿ ಮೂರು ಅಥವಾ ಹೆಚ್ಚು ಗೋಲುಗಳು ಆಗುತ್ತವೆಯೇ ಇಲ್ಲವೇ ಎಂಬ ಎರಡೇ ಉತ್ತರಗಳ ಬಾಜಿಯಲ್ಲಿ ಎರಡೂ ಕಡೆಗೆ 1.91ರ ದರ ನೀಡಿದ್ದಾರೆಂದು ಭಾವಿಸಬಹುದು. ಈ ದರದಲ್ಲಿ 2 ಪೌಂಡ್ ಕಟ್ಟಿ ಗೆದ್ದವರಿಗೆ ಕಟ್ಟಿದ ಹಣವೂ ಸೇರಿ 3.82 ಪೌಂಡ್ ಹಿಂತಿರುಗುತ್ತದೆ. ಒಂದನ್ನು ದರದಿಂದ ಭಾಗಿಸಿದರೆ ಆ ದರ ಸೂಚಿಸುವ ಸಂಭವ ಸಿಗುತ್ತದೆ. ಇಲ್ಲಿ ಅದು ಪ್ರತಿ ಕಡೆಗೆ ಶೇಕಡಾ 52.4ರಷ್ಟು. ಎರಡನ್ನೂ ಕೂಡಿದರೆ 100ರ ಬದಲು 104.7 ಬರುತ್ತದೆ. 100ಕ್ಕಿಂತ ಹೆಚ್ಚಿರುವ ಈ ಭಾಗವೇ ಬುಕ್‌ಮೇಕರ್‌ನ ಅಂಚು. ಎರಡೂ ಕಡೆಯ ನಿಜವಾದ ಸಂಭವ ಸಮನಾಗಿದ್ದರೆ, ಕಟ್ಟಿದ ಪ್ರತಿ ನೂರು ಪೌಂಡಿಗೆ ಸರಾಸರಿ 95.50 ಪೌಂಡ್ ಹಿಂತಿರುಗಿ 4.50 ಪೌಂಡ್ ಕಳೆದುಹೋಗುತ್ತದೆ.

ಈ ಶೇಕಡಾವಾರನ್ನು ನಿಧಿಯ ಮೇಲೆ ಲೆಕ್ಕ ಹಾಕುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಅದನ್ನು ಲೆಕ್ಕ ಹಾಕಬೇಕಾದುದು ವಹಿವಾಟಿನ ಮೇಲೆ, ಅಂದರೆ ಕಟ್ಟಿದ ಎಲ್ಲ ಬಾಜಿಗಳ ಒಟ್ಟು ಮೊತ್ತದ ಮೇಲೆ. 40 ಪೌಂಡನ್ನು ತಿಂಗಳಲ್ಲಿ ಒಮ್ಮೆ ಮಾತ್ರ ಚಲಾಯಿಸಿದರೆ ನಿರೀಕ್ಷಿತ ಖರ್ಚು 1.80 ಪೌಂಡ್. ಗೆದ್ದು ಬಂದ ಹಣವನ್ನು ಮತ್ತೆ ಮತ್ತೆ ಕಟ್ಟುತ್ತ ಹೋಗಿ ಅದೇ 40 ಪೌಂಡಿನಿಂದ 400 ಪೌಂಡಿನ ವಹಿವಾಟು ನಡೆಸಿದರೆ ನಿರೀಕ್ಷಿತ ಖರ್ಚು 18 ಪೌಂಡ್ ಆಗುತ್ತದೆ. ಖಾತೆಗೆ ತುಂಬಿದ ಹಣ ಎರಡೂ ಸಂದರ್ಭಗಳಲ್ಲಿ ಒಂದೇ ಆಗಿರುವುದರಿಂದ ಈ ವ್ಯತ್ಯಾಸ ಆಡುವವನ ಕಣ್ಣಿಗೆ ಬೀಳುವುದಿಲ್ಲ. ಬಾಜಿಗಳ ಸಂಖ್ಯೆಗೂ ಮಿತಿ ಇರಬೇಕಾದ ಕಾರಣ ಇದೇ.

## ಮೂರು ಅಂಕಿಗಳ ನಿರ್ಧಾರ

### ಬಾಜಿನಿಧಿ

ಬಾಡಿಗೆ, ಸಾಲದ ಕಂತು, ದಿನಸಿ, ವಿದ್ಯುತ್ತಿನ ಬಿಲ್ಲು ಮತ್ತು ಉಳಿತಾಯವನ್ನು ಕಳೆದ ಮೇಲೆ ಮನರಂಜನೆಗೆ ಉಳಿಯುವ ಹಣದ ಒಂದು ಭಾಗ ಮಾತ್ರ ಬಾಜಿನಿಧಿಯಾಗಬಲ್ಲದು. ಪೂರ್ತಿ ಮೊತ್ತ ಹಿಂತಿರುಗದಿದ್ದರೂ ಮುಂದಿನ ತಿಂಗಳ ಯಾವ ಪಾವತಿಯೂ ತಡವಾಗಬಾರದು ಎಂಬುದೇ ಇದಕ್ಕೆ ಪರೀಕ್ಷೆ. ನಿಧಿಯನ್ನು ತಿಂಗಳ ಮೊದಲ ದಿನ ಪ್ರತ್ಯೇಕ ಖಾತೆಗೆ ಅಥವಾ ಮುಂಗಡ ತುಂಬುವ ಕಾರ್ಡಿಗೆ ವರ್ಗಾಯಿಸಿ, ಸಂಬಳದ ಖಾತೆಯನ್ನು ಬಾಜಿ ಸಂಸ್ಥೆಯ ಖಾತೆಗೆ ಜೋಡಿಸದೆ ಇರುವುದು ರೂಢಿ. ತಿಂಗಳ ನಡುವೆ ಅದಕ್ಕೆ ಹಣ ಸೇರಿಸುವಂತಿಲ್ಲ. ಸಾಲದ ಹಣ ನಿಧಿಯಲ್ಲಿ ಸೇರಲೇಬಾರದು. ಬ್ರಿಟನ್ನಿನಲ್ಲಿ 2020ರ ಏಪ್ರಿಲ್ 14ರಿಂದ ಕ್ರೆಡಿಟ್ ಕಾರ್ಡ್ ಮೂಲಕ ಬಾಜಿ ಕಟ್ಟುವುದನ್ನು ನಿಷೇಧಿಸಿರುವುದು ಇದೇ ಕಾರಣಕ್ಕಾಗಿ.

### ಯೂನಿಟ್

ಹವ್ಯಾಸಿಗೆ ಸರಳವಾದ ನಿಯಮವೆಂದರೆ, ತಿಂಗಳಲ್ಲಿ ಎಷ್ಟು ಬಾಜಿ ಕಟ್ಟುವ ಉದ್ದೇಶವಿದೆಯೋ ಆ ಸಂಖ್ಯೆಯಿಂದ ನಿಧಿಯನ್ನು ಭಾಗಿಸುವುದು. ವಾರಕ್ಕೆ ಐದರಂತೆ ನಾಲ್ಕು ವಾರಗಳಿಗೆ 20 ಬಾಜಿಗಳಾದರೆ 40 ಪೌಂಡಿನ ನಿಧಿಗೆ ಯೂನಿಟ್ಟು 2 ಪೌಂಡ್. ಹೀಗೆ ಮಾಡಿದಾಗ ಎಲ್ಲ ಬಾಜಿಗಳೂ ಸೋತರೂ ನಷ್ಟವು ನಿಧಿಯನ್ನು ಮೀರುವುದಿಲ್ಲ, ಮತ್ತು ಕೊನೆಯ ವಾರಕ್ಕೆ ಮೊದಲೇ ಹಣ ಮುಗಿಯುವುದೂ ಇಲ್ಲ. ಬಾಜಿ ಸಂಸ್ಥೆಯ ಕನಿಷ್ಠ ಮೊತ್ತಕ್ಕಿಂತ ಯೂನಿಟ್ಟು ಚಿಕ್ಕದಾದರೆ ಬಾಜಿಗಳ ಸಂಖ್ಯೆಯನ್ನು ಇಳಿಸಬೇಕೇ ಹೊರತು ನಿಧಿಯನ್ನು ಹಿಗ್ಗಿಸಬಾರದು. ಐದು ಶನಿವಾರಗಳು ಬರುವ ತಿಂಗಳಿನಲ್ಲಿಯೂ ಅದೇ 20 ಬಾಜಿಗಳನ್ನು ವಾರಕ್ಕೆ ನಾಲ್ಕರಂತೆ ಹಂಚಿಕೊಳ್ಳಬೇಕು.

ಯೂನಿಟ್ಟು ದೊಡ್ಡದಾದಷ್ಟೂ ಆಟ ಬೇಗ ಮುಗಿಯುತ್ತದೆ. ಅದೇ 40 ಪೌಂಡನ್ನು ಹತ್ತು ಹತ್ತರಂತೆ ನಾಲ್ಕು ಬಾಜಿಗಳಲ್ಲಿ ಕಟ್ಟಿದರೆ, ಸಮಸಂಭವದ ಬಾಜಿಗಳಲ್ಲಿ ನಾಲ್ಕೂ ಸೋತು ನಿಧಿ ಬರಿದಾಗುವ ಸಾಧ್ಯತೆ ಹದಿನಾರರಲ್ಲಿ ಒಂದು. 20 ಬಾಜಿಗಳಾಗಿ ಹಂಚಿದಾಗ ಎಲ್ಲವೂ ಸೋಲುವ ಸಾಧ್ಯತೆ ಹತ್ತು ಲಕ್ಷದಲ್ಲಿ ಒಂದಕ್ಕಿಂತಲೂ ಕಡಿಮೆ. ಎರಡರಲ್ಲೂ ವಹಿವಾಟು 40 ಪೌಂಡೇ ಆಗಿರುವುದರಿಂದ ನಿರೀಕ್ಷಿತ ಖರ್ಚು 1.80 ಪೌಂಡೇ. ಸಣ್ಣ ಯೂನಿಟ್ಟು ಬಾಜಿಯನ್ನು ಲಾಭದಾಯಕವಾಗಿಸುವುದಿಲ್ಲ, ಏರಿಳಿತವನ್ನು ಮಾತ್ರ ತಗ್ಗಿಸುತ್ತದೆ.

### ನಷ್ಟದ ಮಿತಿ

ಮಾಸಿಕ ಮಿತಿ ನಿಧಿಯಷ್ಟೇ ಆಗಿರುತ್ತದೆ. ಅದರೊಳಗೆ ವಾರದ ಮಿತಿಯೊಂದು ಬೇಕಾಗುತ್ತದೆ. ಮೇಲಿನ ಲೆಕ್ಕದಲ್ಲಿ ಅದು ಐದು ಯೂನಿಟ್ಟು, ಅಂದರೆ 10 ಪೌಂಡ್. ಮಿತಿಯನ್ನು ಪಂದ್ಯಗಳು ಆರಂಭವಾಗುವ ಮೊದಲು, ಅಂಕಿಯಲ್ಲಿ, ಬರೆದಿಟ್ಟುಕೊಳ್ಳಬೇಕಾಗುತ್ತದೆ. ಒಂದು ವಾರ ಬಳಸದೆ ಉಳಿದ ಬಾಜಿಗಳನ್ನು ಮುಂದಿನ ವಾರಕ್ಕೆ ಸೇರಿಸುವುದಿಲ್ಲ.

ಬ್ರಿಟನ್ನಿನ ಪರವಾನಗಿ ಪಡೆದ ಆನ್‌ಲೈನ್ ಸಂಸ್ಥೆಗಳು ಗ್ರಾಹಕರಿಗೆ ಇಂತಹ ಮಿತಿಗಳನ್ನು ಖಾತೆಯಲ್ಲಿಯೇ ನಿಗದಿಪಡಿಸಿಕೊಳ್ಳುವ ಅವಕಾಶ ಕೊಡಬೇಕೆಂದು ಅಲ್ಲಿನ ನಿಯಂತ್ರಕ ಸಂಸ್ಥೆಯಾದ ಗ್ಯಾಂಬ್ಲಿಂಗ್ ಕಮಿಷನ್ ವಿಧಿಸಿದೆ. ಮಿತಿಯನ್ನು ಏರಿಸಬೇಕೆಂದರೆ ಕನಿಷ್ಠ 24 ಗಂಟೆ ಕಾಯಬೇಕು. ಸೋತ ಸಂಜೆಯ ಆವೇಶದಲ್ಲಿ ಗೆರೆ ಅಳಿಸಿಹೋಗದಂತೆ ತಡೆಯುವುದು ಈ ಕಾಯುವಿಕೆಯ ಉದ್ದೇಶ. ಆದರೆ ಠೇವಣಿಯ ಮಿತಿಯೂ ನಷ್ಟದ ಮಿತಿಯೂ ಒಂದೇ ಅಲ್ಲ. ಠೇವಣಿಯ ಮಿತಿಯು ಖಾತೆಗೆ ಹೊಸದಾಗಿ ಬರುವ ಹಣವನ್ನು ಮಾತ್ರ ಎಣಿಸುತ್ತದೆ. ಗೆದ್ದ ಹಣವನ್ನು ಮತ್ತೆ ಕಟ್ಟಿ ಕಳೆದರೆ ಅದು ಆ ಲೆಕ್ಕಕ್ಕೆ ಬರುವುದಿಲ್ಲ.

## ಒಂದು ತಿಂಗಳ ಲೆಕ್ಕ

40 ಪೌಂಡ್ ನಿಧಿ, 2 ಪೌಂಡ್ ಯೂನಿಟ್ಟು, ವಾರಕ್ಕೆ ಐದು ಬಾಜಿ, ಎಲ್ಲವೂ 1.91ರ ದರ ಎಂಬ ಕ್ರಮದಲ್ಲಿ ನಡೆದ ಒಂದು ಕಲ್ಪಿತ ತಿಂಗಳು ಹೀಗಿರಬಹುದು:

| ವಾರ | ಗೆದ್ದ ಬಾಜಿ | ಹಿಂತಿರುಗಿದ ಹಣ (ಪೌಂಡ್) | ವಾರದ ಫಲ (ಪೌಂಡ್) | ಉಳಿದ ನಿಧಿ (ಪೌಂಡ್) |
|---|---|---|---|---|
| 1 | 3 | 11.46 | +1.46 | 41.46 |
| 2 | 1 | 3.82 | −6.18 | 35.28 |
| 3 | 0 | 0 | −10.00 | 25.28 |
| 4 | 3 | 11.46 | +1.46 | 26.74 |

ಇಪ್ಪತ್ತರಲ್ಲಿ ಏಳು ಗೆದ್ದು 13.26 ಪೌಂಡ್ ನಷ್ಟವಾಗಿದೆ. ಇದನ್ನು ಅಪೂರ್ವ ದುರದೃಷ್ಟವೆಂದು ಎಣಿಸುವಂತಿಲ್ಲ. ಸಮಸಂಭವದ 20 ಬಾಜಿಗಳಲ್ಲಿ ಏಳು ಅಥವಾ ಅದಕ್ಕಿಂತ ಕಡಿಮೆ ಗೆಲುವು ಬರುವ ಸಾಧ್ಯತೆ ಶೇಕಡಾ 13, ಅಂದರೆ ಇಂತಹ ತಿಂಗಳು ವರ್ಷದಲ್ಲಿ ಒಂದೆರಡು ಸಲ ಬರಬಹುದು. ಲಾಭ ಕಾಣಲು ಹನ್ನೊಂದು ಬಾಜಿಗಳನ್ನಾದರೂ ಗೆಲ್ಲಬೇಕು. ಅದರ ಸಾಧ್ಯತೆ ಶೇಕಡಾ 41. ಹತ್ತು ಗೆದ್ದು ಹತ್ತು ಸೋತರೆ 1.80 ಪೌಂಡ್ ನಷ್ಟ. ನಿಧಿಯ ಅರ್ಧಕ್ಕಿಂತ ಹೆಚ್ಚು ಕಳೆದುಹೋಗಬೇಕಾದರೆ ಐದು ಅಥವಾ ಅದಕ್ಕಿಂತ ಕಡಿಮೆ ಗೆಲುವು ಬರಬೇಕು. ಅದರ ಸಾಧ್ಯತೆ ಶೇಕಡಾ 2ರಷ್ಟು. ಆದುದರಿಂದ ಪದೇ ಪದೇ ಅರ್ಧ ನಿಧಿ ಕರಗುತ್ತಿದ್ದರೆ ಅದಕ್ಕೆ ಕಾರಣ ಅದೃಷ್ಟವಲ್ಲ. ಯೂನಿಟ್ಟು, ಬಾಜಿಗಳ ಸಂಖ್ಯೆ ಅಥವಾ ದರ ಇವುಗಳಲ್ಲಿ ಯಾವುದೋ ಒಂದು ನಿಗದಿತ ಕ್ರಮವನ್ನು ಮೀರಿದೆ ಎಂದು ತಿಳಿಯಬಹುದು.

ಈ ತಿಂಗಳಿನ ನಿರ್ಣಾಯಕ ಘಟ್ಟ ಮೂರನೆಯ ವಾರ. ಆ ವಾರದ ಆರಂಭದಲ್ಲಿ 35.28 ಪೌಂಡ್ ಇತ್ತು. ಸೋತಾಗಲೆಲ್ಲ ಮುಂದಿನ ಬಾಜಿಯನ್ನು ಇಮ್ಮಡಿಗೊಳಿಸುವ ಪದ್ಧತಿಯನ್ನು ಹಿಡಿದಿದ್ದರೆ 2, 4, 8, 16ರಂತೆ ನಾಲ್ಕು ಬಾಜಿಗಳಲ್ಲಿ 30 ಪೌಂಡ್ ಹೋಗಿ 5.28 ಪೌಂಡ್ ಉಳಿಯುತ್ತಿತ್ತು. ಐದನೆಯದಕ್ಕೆ 32 ಪೌಂಡ್ ಬೇಕು. ಅದನ್ನು ನಿಧಿಯ ಹೊರಗಿನಿಂದಲೇ ತರಬೇಕು, ಮತ್ತು ನಿಧಿಯನ್ನು ಮೀರಿದ ಖರ್ಚು ಮೊದಲಾಗುವುದು ಸಾಮಾನ್ಯವಾಗಿ ಇಲ್ಲಿಯೇ. ಆ 32 ಪೌಂಡನ್ನು ತಂದು ಕಟ್ಟಿ ಗೆದ್ದರೂ 1.91ರ ದರದಲ್ಲಿ ಸಿಗುವ ಲಾಭ 29.12 ಪೌಂಡ್; ಕಳೆದುಕೊಂಡ 30 ಪೌಂಡ್ ಪೂರ್ತಿಯಾಗಿ ಮರಳುವುದಿಲ್ಲ. ಇಲ್ಲಿ ವಾರದ ಮಿತಿಯನ್ನು ಪಾಲಿಸಿದ್ದರಿಂದ ನಷ್ಟ 10 ಪೌಂಡಿಗೆ ನಿಂತಿತು.

## ತಿಂಗಳ ಕೊನೆಯಲ್ಲಿ

ಉಳಿದ 26.74 ಪೌಂಡಿಗೆ ಮುಂದಿನ ತಿಂಗಳು ಮತ್ತೆ 40 ಪೌಂಡ್ ಸೇರಿಸಿದರೆ ನಿಧಿ 66.74 ಆಗುತ್ತದೆ, ಯೂನಿಟ್ಟೂ ತಾನಾಗಿ ಹಿಗ್ಗುತ್ತದೆ. ಇದನ್ನು ತಪ್ಪಿಸಲು 40 ಪೌಂಡಿಗೆ ಕೊರತೆಯಾದ 13.26 ಪೌಂಡನ್ನು ಮಾತ್ರ ತುಂಬಬೇಕು. ಲಾಭ ಬಂದ ತಿಂಗಳಿನಲ್ಲಿ 40ಕ್ಕಿಂತ ಹೆಚ್ಚಿರುವುದನ್ನು ಮನೆಯ ಖಾತೆಗೆ ಹಿಂತೆಗೆಯಬೇಕು. ಹೀಗೆ ಮಾಡಿದರೆ ವರ್ಷದ ಕೊನೆಯಲ್ಲಿ ತುಂಬಿದ ಒಟ್ಟು ಹಣದಿಂದ ಹಿಂತೆಗೆದ ಹಣವನ್ನೂ ನಿಧಿಯಲ್ಲಿ ಉಳಿದಿರುವುದನ್ನೂ ಕಳೆದಾಗ ಹವ್ಯಾಸಕ್ಕೆ ತಗಲಿದ ನಿಜವಾದ ಖರ್ಚು ಒಂದೇ ಅಂಕಿಯಲ್ಲಿ ದೊರೆಯುತ್ತದೆ. ಪ್ರತಿ ಬಾಜಿಯ ದಿನಾಂಕ, ದರ, ಕಟ್ಟಿದ ಮೊತ್ತ ಮತ್ತು ಫಲವನ್ನು ಬರೆದಿಡುವ ಪುಸ್ತಕವೂ ಅಗತ್ಯ. ನೆನಪಿನಲ್ಲಿ ಗೆಲುವುಗಳು ಉಳಿಯುತ್ತವೆ, ಸೋಲುಗಳು ಮಾಸುತ್ತವೆ.

ಆದರೆ ಈ ಪುಸ್ತಕದಿಂದ ತನ್ನ ಜಾಣ್ಮೆಯನ್ನು ಅಳೆಯಲು ಹೊರಡುವುದು ದುಡುಕಾಗುತ್ತದೆ. 1.91ರ ದರದಲ್ಲಿ ನಷ್ಟವಿಲ್ಲದೆ ಉಳಿಯಲು ನೂರಕ್ಕೆ 52.4 ಬಾಜಿಗಳನ್ನು ಗೆಲ್ಲಬೇಕು. ನಾಣ್ಯ ಚಿಮ್ಮಿ ಆರಿಸಿದರೂ 200 ಬಾಜಿಗಳಲ್ಲಿ ಗೆಲುವಿನ ಪ್ರಮಾಣವು 50ರಿಂದ ಮೂರೂವರೆ ಅಂಶ ಮೇಲೆ ಕೆಳಗೆ ಸಹಜವಾಗಿ ಓಲಾಡುತ್ತದೆ. ಹತ್ತು ತಿಂಗಳ ಕಾಲ ಶೇಕಡಾ 53 ಗೆದ್ದವರು ಯೂನಿಟ್ಟು ಹೆಚ್ಚಿಸಲು ಅದು ಸಾಕಷ್ಟು ಆಧಾರವಾಗುವುದಿಲ್ಲ.

## ಅಕ್ಯುಮುಲೇಟರ್ ಬಾಜಿಗಳು

ಹಲವು ಪಂದ್ಯಗಳ ಫಲವನ್ನು ಒಂದೇ ಬಾಜಿಯಲ್ಲಿ ಜೋಡಿಸಿ, ಎಲ್ಲವೂ ಸರಿಯಾದರೆ ಮಾತ್ರ ಹಣ ಸಿಗುವ ವಿಧಾನಕ್ಕೆ ಅಕ್ಯುಮುಲೇಟರ್ ಎನ್ನುತ್ತಾರೆ. ಸಣ್ಣ ಮೊತ್ತಕ್ಕೆ ದೊಡ್ಡ ಪ್ರತಿಫಲ ಕಾಣಿಸುವುದರಿಂದ ಸಣ್ಣ ನಿಧಿಯವರನ್ನು ಇದು ವಿಶೇಷವಾಗಿ ಸೆಳೆಯುತ್ತದೆ. ಇಲ್ಲಿ ದರಗಳು ಪರಸ್ಪರ ಗುಣಿತವಾಗುವಾಗ ಅಂಚುಗಳೂ ಒಂದರ ಮೇಲೊಂದು ಸೇರುತ್ತವೆ. 1.91ರ ಮೂರು ಬಾಜಿಗಳನ್ನು ಜೋಡಿಸಿದರೆ ದರ 6.97 ಆಗುತ್ತದೆ, ಗೆಲ್ಲುವ ಸಾಧ್ಯತೆ ಎಂಟರಲ್ಲಿ ಒಂದಾಗುತ್ತದೆ. ನೂರು ಪೌಂಡಿಗೆ ಸರಾಸರಿ 87 ಪೌಂಡ್ ಹಿಂತಿರುಗುತ್ತದೆ. ಒಂಟಿ ಬಾಜಿಯಲ್ಲಿ ಶೇಕಡಾ 4.5ರಷ್ಟಿದ್ದ ಬೆಲೆ ಇಲ್ಲಿ ಸುಮಾರು 13ಕ್ಕೆ ಏರುತ್ತದೆ.

ಸೋಲಿನ ಸರಣಿಯೂ ಉದ್ದವಾಗುತ್ತದೆ. ತಿಂಗಳ 20 ಬಾಜಿಗಳನ್ನೂ ಹೀಗೆಯೇ ಕಟ್ಟಿದರೆ ಒಂದೂ ಗೆಲ್ಲದೆ 40 ಪೌಂಡೂ ಹೋಗುವ ಸಾಧ್ಯತೆ ಸುಮಾರು ಶೇಕಡಾ 7. ಆದುದರಿಂದ ಒಂಟಿ ಬಾಜಿಗೆ ಗೊತ್ತುಮಾಡಿದ ಯೂನಿಟ್ಟನ್ನು ಇಲ್ಲಿಗೆ ನೇರವಾಗಿ ತರುವಂತಿಲ್ಲ. ವಾರಕ್ಕೆ ಒಂದೇ ಅಕ್ಯುಮುಲೇಟರ್, ಅದೂ ಅರ್ಧ ಯೂನಿಟ್ಟಿನಲ್ಲಿ ಎಂಬ ಕಟ್ಟುಪಾಡು ಖರ್ಚನ್ನು ಹಿಡಿತದಲ್ಲಿಡುತ್ತದೆ.

## ಮಿತಿ ಮುರಿಯುತ್ತಿರುವ ಲಕ್ಷಣಗಳು

ಕ್ರಮ ತಪ್ಪುತ್ತಿರುವುದನ್ನು ಲೆಕ್ಕದ ಪುಸ್ತಕವೇ ಮೊದಲು ತೋರಿಸುತ್ತದೆ. ಸೋತ ಬಾಜಿಯ ನಂತರ ಕಟ್ಟಿದ ಮೊತ್ತಗಳು ಗೆದ್ದ ಬಾಜಿಯ ನಂತರದವುಗಳಿಗಿಂತ ದೊಡ್ಡದಾಗಿದ್ದರೆ ನಷ್ಟವನ್ನು ಬೆನ್ನಟ್ಟುವ ಪ್ರವೃತ್ತಿ ಆರಂಭವಾಗಿದೆ ಎಂದರ್ಥ. ಒಂದೇ ತಿಂಗಳಿನಲ್ಲಿ ಎರಡನೆಯ ಸಲ ಹಣ ತುಂಬುವುದು, ಒಂದು ಸಂಸ್ಥೆಯಲ್ಲಿ ಮಿತಿ ಮುಗಿದಾಗ ಇನ್ನೊಂದರಲ್ಲಿ ಖಾತೆ ತೆರೆಯುವುದು, ಕೆಲವು ಬಾಜಿಗಳನ್ನು ಬರೆಯದೆ ಬಿಡುವುದು, ಮನೆಯವರಿಂದ ಮೊತ್ತವನ್ನು ಮುಚ್ಚಿಡುವುದು ಇವು ಮುಂದಿನ ಹಂತದ ಗುರುತುಗಳು. ಈ ಹಂತದಲ್ಲಿ ಹೊಸ ಮಿತಿಯೊಂದನ್ನು ಬರೆದುಕೊಳ್ಳುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಮುರಿದಿರುವುದು ಮಿತಿಯನ್ನು ಪಾಲಿಸುವ ಶಕ್ತಿಯೇ. ಆಗ ಆಟದಿಂದ ಪೂರ್ತಿಯಾಗಿ ಹೊರಗುಳಿಯುವ ಏರ್ಪಾಡು ಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಗ್ಯಾಮ್‌ಸ್ಟಾಪ್ ಎಂಬ ಉಚಿತ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿದರೆ ಪರವಾನಗಿ ಪಡೆದ ಎಲ್ಲ ಆನ್‌ಲೈನ್ ಸಂಸ್ಥೆಗಳಿಂದಲೂ ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ ದೂರವಿರಬಹುದು. ಭಾರತದಲ್ಲಿ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೂ ಸಲಹೆ ಪಡೆಯಬಹುದು.

## ಭಾರತದಲ್ಲಿನ ಸ್ಥಿತಿ

ಭಾರತದ ಸಂವಿಧಾನದಲ್ಲಿ ಬಾಜಿ ಮತ್ತು ಜೂಜು ರಾಜ್ಯಪಟ್ಟಿಯ ವಿಷಯಗಳು. ಕುದುರೆ ಪಂದ್ಯವು ಕೌಶಲ್ಯದ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಕೆ. ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ತೀರ್ಪು ನೀಡಿತು. ಕರ್ನಾಟಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ರೇಸ್‌ಕೋರ್ಸ್‌ಗಳು ಬಹುಕಾಲದಿಂದ ಇದರ ಕೇಂದ್ರಗಳಾಗಿವೆ. 2025ರ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನೀಡುವುದನ್ನು ದೇಶದಾದ್ಯಂತ ನಿಷೇಧಿಸಿದೆ. ಕಾನೂನಿನ ಹೊರಗಿನ ಬುಕ್ಕಿಗಳ ಬಳಿ ಮೇಲಿನ ಕ್ರಮ ನಿಲ್ಲುವುದಿಲ್ಲ. ಅಲ್ಲಿ ಸಾಲದ ಮೇಲೆ ಬಾಜಿ ನಡೆದರೆ ನಿಧಿ ಎಂಬುದೇ ಇರುವುದಿಲ್ಲ, ಖಾತೆಯಲ್ಲಿ ಮಿತಿ ವಿಧಿಸುವ ಅಥವಾ ಕಾಯಿಸುವ ನಿಯಂತ್ರಕರೂ ಇರುವುದಿಲ್ಲ.

ರೇಸ್‌ಕೋರ್ಸಿನ ಟೋಟ್ ಪದ್ಧತಿಯಲ್ಲಿ ಎಲ್ಲರೂ ಕಟ್ಟಿದ ಹಣವನ್ನು ಒಟ್ಟುಗೂಡಿಸಿ, ಕಡಿತಗಳ ನಂತರ ಗೆದ್ದವರಿಗೆ ಹಂಚಲಾಗುತ್ತದೆ. ಟಿಕೆಟ್ ಕೊಳ್ಳುವಾಗ ಕೊನೆಯ ದರ ತಿಳಿದಿರುವುದಿಲ್ಲವಾದ್ದರಿಂದ ಬಾಜಿಯ ಬೆಲೆಯನ್ನು 1.91ರ ಉದಾಹರಣೆಯಂತೆ ಮೊದಲೇ ದರದಿಂದ ಲೆಕ್ಕ ಹಾಕಲಾಗದು. ನಿಧಿಯನ್ನು ಟಿಕೆಟುಗಳ ಸಂಖ್ಯೆಯಿಂದ ಭಾಗಿಸುವ ನಿಯಮ ಮಾತ್ರ ಅಲ್ಲಿಯೂ ಹಾಗೆಯೇ ಅನ್ವಯಿಸುತ್ತದೆ. ದಿನದಲ್ಲಿ ಆರು ಓಟಗಳಿಗೆ ಒಂದೊಂದು ಟಿಕೆಟ್ ಕೊಳ್ಳುವವರು ಆರು ಟಿಕೆಟುಗಳ ಹಣವನ್ನು ತೆರಿಗೆಯೂ ಸೇರಿದಂತೆ ಜೇಬಿನಲ್ಲಿಟ್ಟುಕೊಂಡು, ಉಳಿದ ಹಣವನ್ನೂ ಕಾರ್ಡನ್ನೂ ಮನೆಯಲ್ಲಿ ಬಿಟ್ಟುಹೋದರೆ ದಿನದ ನಷ್ಟದ ಮಿತಿ ತಾನಾಗಿಯೇ ಜಾರಿಯಲ್ಲಿರುತ್ತದೆ.